ಬಿದರಿ ಕಲೆ ಬಗ್ಗೆ 10 ಸೋರ್ಸ್ ಬೇಕು, ಅರ್ಜೆಂಟ್

ಭಾಲ್ಕಿ_ಹುಡುಗ

ಎಲ್ಲರಿಗೂ ನಮಸ್ಕಾರ ರೀ. ಬಿದರಿ ಕಲೆ ಬಗ್ಗೆ ಬರೆದಿದ್ದೀನಿ, ಬರೆಯೋದೆಲ್ಲ ಮುಗಿದಿದೆ. ರೆಫರೆನ್ಸ್ ಮಾತ್ರ ಬಾಕಿ ಉಳಿದಿದೆ. 10 ಸೋರ್ಸ್ ಬೇಕು. ಗೊತ್ತಿದ್ದವರು ಲಿಸ್ಟ್ ಹಾಕಿ ಪ್ಲೀಸ್, ಸೋಮವಾರ ಕೊಡಬೇಕು.

ಸುರಪುರ_ಸೀಮೆ

ಇದಕ್ಯಾಕೆ ಇಷ್ಟು ತಲೆಬಿಸಿ? ಗೂಗಲ್ ಸ್ಕಾಲರ್‌ನಲ್ಲಿ `bidri ware` ಅಂತ ಹೊಡಿ. ಒಂದೊಂದು ಲೇಖನದ ಕೆಳಗೂ `Cite` ಅಂತ ಇರುತ್ತದೆ, ಒತ್ತಿದರೆ ಎಪಿಎ ಸ್ಟೈಲ್‌ನಲ್ಲಿ ರೆಡಿ ಸಿಗುತ್ತದೆ. ಮೇಲಿನ 10 ಕಾಪಿ ಮಾಡಿ ಕೊನೆಯ ಪುಟಕ್ಕೆ ಅಂಟಿಸು. ಈಗ ಎಲ್ಲಾ ಕಡೆ ಎಪಿಎ ನಡೆಯುತ್ತೆ, ಯಾರೂ ಕೇಳಲ್ಲ.

ಸತು_ಬೆಳ್ಳಿ

ತಮ್ಮಾ, ಯಾವುದರ ಸೋರ್ಸ್ ಬೇಕು? ಸತು ಬೇಕಾದರೆ ಹೊರಗಿನಿಂದ ತರಿಸಬೇಕು, ಬೆಳ್ಳಿ ತಂತಿ ಸರಾಫರ ಹತ್ತಿರ ಸಿಗುತ್ತದೆ, ಮಣ್ಣು ಮಾತ್ರ ನಮ್ಮ ಬೀದರಿನದೇ ಆಗಬೇಕು. 10 ಕಡೆ ತಿರುಗುವ ಅಗತ್ಯ ಇಲ್ಲ. ಎಷ್ಟು ಮಾಲು ಬೇಕು ಹೇಳಿದರೆ ನಾನೇ ದಾರಿ ತೋರಿಸ್ತೀನಿ. ಹೊಸದಾಗಿ ಕಾರ್ಖಾನಾ ಹಾಕ್ತಾ ಇದ್ದೀಯೇನು?

ಭಾಲ್ಕಿ_ಹುಡುಗ

ಇಲ್ಲ ಕಾಕಾ, ಕಾಲೇಜಿನ ಬರವಣಿಗೆ. ಪುಸ್ತಕದ ಸೋರ್ಸ್ 😀

ಗ್ರಂಥಾಲಯ_ಅಕ್ಕ

ಕಲಬುರಗಿಯ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೂತು ದಿನಾ ಇದೇ ಪ್ರಶ್ನೆ ಕೇಳುವವಳು ನಾನು, ಹಾಗಾಗಿ ನೇರವಾಗಿ ಹೇಳ್ತೀನಿ ತಮ್ಮಾ. ನೀನು ಕೇಳಿದ ರೀತಿಗೆ ಯಾರು ಯಾವ ಲಿಸ್ಟ್ ಕೊಟ್ಟರೂ ಅದು ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ. ಇದು ಹತ್ತನೇ ಕ್ಲಾಸಿನ ಪ್ರಾಜೆಕ್ಟಾ, ಬಿಎನಾ, ಎಂಎನಾ? ಶಾಲೆ ಹುಡುಗನಿಗೆ ಒಂದು ಗೆಜೆಟಿಯರ್, ಒಂದು ಪತ್ರಿಕೆ ಲೇಖನ ಸಾಕು. ಎಂಎಗೆ ಅಷ್ಟೇ ಹಾಕಿದರೆ ಗೈಡ್ ಮುಖ ಗಂಟು ಹಾಕುತ್ತಾರೆ. ವಿಷಯ ಇತಿಹಾಸವಾ, ಕಾಮರ್ಸಾ, ಕೆಮಿಸ್ಟ್ರಿಯಾ? ಬಿದರಿ ಮೂರರಲ್ಲೂ ಬರುತ್ತದೆ. ಇತಿಹಾಸದವರು ಪುಟದ ಕೆಳಗೆ ಅಡಿಟಿಪ್ಪಣಿ ಕೇಳ್ತಾರೆ, ಕಾಮರ್ಸಿನವರು ಸಾಮಾನ್ಯವಾಗಿ ಎಪಿಎ ಕೇಳ್ತಾರೆ. ವೆಬ್‌ಸೈಟ್ ಒಪ್ಪುತ್ತಾರಾ, ಕುಶಲಕರ್ಮಿಯ ಮಾತು ಒಪ್ಪುತ್ತಾರಾ, ಅದನ್ನೂ ಕೇಳಿಕೊಂಡು ಬಾ. ಆಮೇಲೆ ನೀನು ಬರೆದಿದ್ದರಲ್ಲಿ ಒಂದು ಪ್ಯಾರಾ ಇಲ್ಲಿ ಹಾಕು. ಬರೆದದ್ದನ್ನು ನೋಡದೆ ಆಧಾರ ಹೇಳೋಕೆ ಆಗಲ್ಲ.

ಪಿಎಚ್‌ಡಿ_ಪಯಣ

ಸೋರ್ಸ್ ವಿಷಯ ಬಂತು ಅಂತ ನನ್ನದೂ ಕೇಳ್ತೀನಿ. ನನ್ನ ಥೀಸಿಸ್ ಸಾಫ್ಟ್‌ವೇರ್‌ಗೆ ಹಾಕಿದಾಗ ಹೋಲಿಕೆ 23% ಬಂದಿದೆ. 2018ರ ಯುಜಿಸಿ ನಿಯಮದಲ್ಲಿ 10% ಒಳಗೆ ಇದ್ದರೆ ತೊಂದರೆ ಇಲ್ಲ, ಅದಕ್ಕಿಂತ ಮೇಲೆ 40ರ ತನಕ ಬಂದರೆ ತಿದ್ದಿ ಮತ್ತೆ ಕೊಡಬೇಕು ಅಂತಿದೆ ಅಲ್ವಾ? ನನ್ನ ಕೇಸಿನಲ್ಲಿ ಗ್ರಂಥಋಣದ ಪುಟಗಳನ್ನೂ ಸೇರಿಸಿ ಎಣಿಸಿದ್ದಾರೆ ಅನ್ನಿಸುತ್ತದೆ. ಇಷ್ಟು ದಿನ ಕಷ್ಟಪಟ್ಟು ಹಾಕಿದ ರೆಫರೆನ್ಸೇ ಈಗ ಕಳ್ಳತನದ ಲೆಕ್ಕಕ್ಕೆ ಹೋದರೆ ಹೆಂಗೆ?

ಗ್ರಂಥಾಲಯ_ಅಕ್ಕ

ಅದೇ ನಿಯಮದಲ್ಲಿ ರೆಫರೆನ್ಸ್ ಪಟ್ಟಿ, ಮುನ್ನುಡಿ, ಸರಿಯಾಗಿ ಆಧಾರ ಹೇಳಿದ ಉದ್ಧರಣೆ ಇವನ್ನೆಲ್ಲ ಬಿಟ್ಟು ಎಣಿಸಬೇಕು ಅಂತಲೂ ಇದೆ. ಪಟ್ಟಿ ತೆಗೆದು ಮತ್ತೆ ರಿಪೋರ್ಟ್ ಕೊಡಿ ಅಂತ ಬರೆದು ಕೇಳಿ. ನಿಮ್ಮದು ಬೇರೆ ಸಂಗತಿ, ಬೇರೆ ಪೋಸ್ಟ್ ಹಾಕಿ. ಇಲ್ಲಿ ಹುಡುಗನ ಕೆಲಸ ಮುಗಿಸೋಣ.

ಭಾಲ್ಕಿ_ಹುಡುಗ

ಅಕ್ಕಾ, ಬಿಎ ಕೊನೇ ವರ್ಷ, ಇತಿಹಾಸ, ಪ್ರಾಜೆಕ್ಟ್ ವರ್ಕ್. ಗೈಡ್ ಸರ್ "ರೆಫರೆನ್ಸ್ ಸರಿಯಾಗಿ ಹಾಕು, ವೆಬ್‌ಸೈಟ್ ಜಾಸ್ತಿ ಬೇಡ" ಅಂದಿದ್ದಾರೆ, ಅಷ್ಟೇ. ಯಾವ ಸ್ಟೈಲ್ ಅಂತ ಹೇಳಿಲ್ಲ. 10 ಅನ್ನೋದೂ ಅವರು ಹೇಳಿದ್ದಲ್ಲ, ಸೀನಿಯರ್ ಒಬ್ಬ ಹೇಳಿದ್ದು. ಪ್ಯಾರಾ ಇದು:

"ಬಿದರಿ ಕಲೆ ಬಹಮನಿ ಸುಲ್ತಾನರ ಕಾಲದಲ್ಲಿ ಇರಾನಿನಿಂದ ಬಂದಿತು. ಸತು ಮತ್ತು ತಾಮ್ರವನ್ನು 16:1 ಪ್ರಮಾಣದಲ್ಲಿ ಬೆರೆಸಿ ವಸ್ತುಗಳನ್ನು ತಯಾರಿಸುತ್ತಾರೆ. ಬೀದರ್ ಕೋಟೆಯ ಮಣ್ಣಿನಿಂದ ಇದಕ್ಕೆ ಕಪ್ಪು ಬಣ್ಣ ಬರುತ್ತದೆ. 2006ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಿತು."

ಸುರಪುರ_ಸೀಮೆ

ಚೆನ್ನಾಗೇ ಇದೆಯಲ್ಲ. 16:1 ಅನ್ನೋದು ನಾನೇ ಈಗ ಐದಾರು ಸೈಟಿನಲ್ಲಿ ನೋಡಿದೆ, ಎಲ್ಲಾ ಕಡೆ ಹಾಗೇ ಇದೆ. ಐದು ಸೋರ್ಸ್ ಅಲ್ಲೇ ಸಿಕ್ಕಿತು.

ಗ್ರಂಥಾಲಯ_ಅಕ್ಕ

ಆ ಐದು ಸೈಟನ್ನೂ ಪಕ್ಕಪಕ್ಕ ತೆರೆದು ಓದು. 16:1 ಹೇಳುವ ವಾಕ್ಯ, ಅದರ ಹಿಂದಿನ ವಾಕ್ಯ, ಮುಂದಿನ ವಾಕ್ಯ ಎಲ್ಲಾ ಒಂದೇ ಥರ ಇದ್ದರೆ ಒಬ್ಬರು ಬರೆದದ್ದನ್ನು ನಾಲ್ವರು ಎತ್ತಿಕೊಂಡಿದ್ದಾರೆ ಅಂತ ಅರ್ಥ. ಅಂಥವು ಐದಿದ್ದರೂ ಲೆಕ್ಕಕ್ಕೆ ಒಂದೇ. ಆ ಒಂದಕ್ಕೂ ಮೂಲ ಎಲ್ಲಿ ಅಂತ ಯಾರೂ ಹೇಳಿರಲ್ಲ. ಪ್ರವಾಸದ ಸೈಟು, ಅಂಗಡಿಯ ಸೈಟುಗಳಲ್ಲಿ ಇದು ತುಂಬಾ ಸಾಮಾನ್ಯ.

ಈಗ ಪ್ಯಾರಾಕ್ಕೆ ಬರ್ತೀನಿ. ಐದು ವಾಕ್ಯ ಇವೆ, ಐದಕ್ಕೂ ಬೇಕಾದ ಆಧಾರ ಬೇರೆಬೇರೆ.

ಸುಲಭದ್ದು ಮೊದಲು. ಪದ್ಮಶ್ರೀಗೆ ಸರ್ಕಾರದ ಪದ್ಮ ಪ್ರಶಸ್ತಿ ಪಟ್ಟಿ ಇದೆ, ಇಲ್ಲಾಂದರೆ ಆ ವರ್ಷದ ಜನವರಿ ಕೊನೆಯ ಯಾವುದಾದರೂ ದಿನಪತ್ರಿಕೆ ಸಾಕು. ಇಂಥ ಸುದ್ದಿಗೆ ಪತ್ರಿಕೆಯೇ ಸರಿಯಾದ ಸೋರ್ಸ್, ಜರ್ನಲ್ ಹುಡುಕುತ್ತಾ ಕೂರಬೇಡ. ಜಿಐಗೆ ಚೆನ್ನೈನಲ್ಲಿರುವ ಜಿಐ ರಿಜಿಸ್ಟ್ರಿಯ ದಾಖಲೆ ನೋಡು. ಅದು ವೆಬ್‌ಸೈಟಿನಲ್ಲಿ ಸಿಕ್ಕರೂ ಸರ್ಕಾರಿ ದಾಖಲೆಯೇ. ಆದರೆ ಒಂದು ಎಚ್ಚರ. ಆ ಕಡತದಲ್ಲಿ ಕಲೆಯ ಇತಿಹಾಸವನ್ನೂ ಬರೆದಿರುತ್ತಾರೆ. ಅದು ಅರ್ಜಿ ಹಾಕಿದವರು ತಮ್ಮ ಕೇಸು ಗೆಲ್ಲಲು ಬರೆದದ್ದು. ನೋಂದಣಿ ಆಗಿದೆ ಅನ್ನೋದಕ್ಕೆ ಅದು ಗಟ್ಟಿ ಆಧಾರ. ಕಲೆ ಎಷ್ಟು ಹಳೆಯದು ಅನ್ನೋದಕ್ಕೆ ಅಲ್ಲ.

ಮೊದಲನೇ ವಾಕ್ಯ ಇದೆಯಲ್ಲ, "ಇರಾನಿನಿಂದ ಬಂದಿತು" ಅನ್ನೋದು, ಅದೇ ಕಷ್ಟದ್ದು. ಹಾಗಂತ ಎಲ್ಲರೂ ಹೇಳ್ತಾರೆ, ಇರಲೂಬಹುದು. ಆದರೆ ಈಗ ಮ್ಯೂಸಿಯಂಗಳಲ್ಲಿ ಉಳಿದಿರುವ ಹಳೆಯ ಬಿದರಿ ವಸ್ತುಗಳನ್ನು ಹೆಚ್ಚಾಗಿ ಹದಿನೇಳನೇ ಶತಮಾನದವು ಅಂತ ಗುರುತಿಸುತ್ತಾರೆ. ಬಹಮನಿಗಳು ಹದಿನಾರನೇ ಶತಮಾನದಲ್ಲೇ ಮುಗಿದುಹೋಗಿದ್ದರು. ನಡುವೆ ಖಾಲಿ ಜಾಗ ಇದೆ. ಹಾಗಾಗಿ "ಬಂದಿತು" ಅಂತ ಗಟ್ಟಿಯಾಗಿ ಬರೆಯಬೇಡ. "ಬಂದಿತೆಂದು ನಂಬಿಕೆ ಇದೆ" ಅಂತ ಬರೆದರೆ ನಂಬಿಕೆ ಇರುವುದಕ್ಕೆ ಮಾತ್ರ ಆಧಾರ ಕೊಟ್ಟರೆ ಸಾಕು, ಅದು ಸುಲಭವಾಗಿ ಸಿಗುತ್ತದೆ. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ 1985ರಲ್ಲಿ ಸೂಸನ್ ಸ್ಟ್ರಾಂಜ್ ಅವರ ಬಿದರಿ ಕ್ಯಾಟಲಾಗ್ ಪ್ರಕಟಿಸಿದೆ. ದೊಡ್ಡ ಲೈಬ್ರರಿಯಲ್ಲಿ ಕೇಳಿ ನೋಡು.

ಶಹಾಪುರ_ಮೇಷ್ಟ್ರು

ಅಕ್ಕಾವ್ರೇ, ಬಿಎ ಹುಡುಗನಿಗೆ ಲಂಡನ್ ಕ್ಯಾಟಲಾಗ್ ತೋರಿಸಿದರೆ ಅವನು ಎಲ್ಲಿಂದ ತರಬೇಕು? ಸೋಮವಾರ ಕೊಡಬೇಕಂತೆ. ನಾನೂ ಇತಿಹಾಸ ಪಾಠ ಮಾಡುವವನೇ. ನನ್ನ ಪ್ರಕಾರ ಬಿಎ ಮಟ್ಟಕ್ಕೆ 1977ರ ಬೀದರ್ ಜಿಲ್ಲಾ ಗೆಜೆಟಿಯರ್, ಒಂದೆರಡು ಕನ್ನಡ ಪುಸ್ತಕ, ಕೋಟೆ ವಿಷಯಕ್ಕೆ ಯಾಜದಾನಿಯವರ 1947ರ ಬೀದರ್ ಪುಸ್ತಕ, ಇಷ್ಟಿದ್ದರೆ ಸಾಕು. ಹುಡುಗ ತಾನೇ ಓದಿದ ನಾಲ್ಕು ಪುಸ್ತಕದ ಹೆಸರು ಹಾಕಲಿ, ಓದದ ಹತ್ತು ಬೇಡ.

ಸುರಪುರ_ಸೀಮೆ

ಗೆಜೆಟಿಯರ್, ಯಾಜದಾನಿ ಎರಡೂ ಪಿಡಿಎಫ್ ಸಿಗುತ್ತವೆ, ಆದರೆ ಅವು ನೆಟ್‌ನಲ್ಲಿರೋದು. ಗೈಡ್ ವೆಬ್‌ಸೈಟ್ ಬೇಡ ಅಂದಿದ್ದಾರಲ್ಲ, ಹಾಕಿದರೆ ಹೊಡೆದುಹಾಕ್ತಾರೆ.

ಗ್ರಂಥಾಲಯ_ಅಕ್ಕ

ಇಲ್ಲ ತಮ್ಮಾ, ಇದೊಂದು ಗೊಂದಲ ನಮ್ಮಲ್ಲಿ ದಿನಾ ನೋಡ್ತೀನಿ. ಅಚ್ಚಾದ ಪುಸ್ತಕವನ್ನು ಪುಟಪುಟ ಸ್ಕ್ಯಾನ್ ಮಾಡಿದ್ದರೆ ಅದು ಪುಸ್ತಕವೇ. ಮೊಬೈಲಿನಲ್ಲಿ ಓದಿದರೂ ಅದರ ಮುಖಪುಟದಲ್ಲಿರುವ ಲೇಖಕ, ಪ್ರಕಾಶಕ, ವರ್ಷ, ಪುಟಸಂಖ್ಯೆ ಹಾಕಬೇಕು. ಪಿಡಿಎಫ್ ತೋರಿಸುವ ಪುಟಸಂಖ್ಯೆ ಬೇಡ. ಮುನ್ನುಡಿ, ಪರಿವಿಡಿ ಎಲ್ಲಾ ಸೇರಿ ಎರಡಕ್ಕೂ ಹತ್ತಿಪ್ಪತ್ತು ಪುಟ ವ್ಯತ್ಯಾಸ ಬರುತ್ತದೆ. ಗೈಡ್ ಬೇಡ ಅಂದದ್ದು ಯಾರು ಬರೆದರು, ಯಾವಾಗ ಬರೆದರು ಅಂತ ತಿಳಿಯದ ಪುಟಗಳನ್ನು. ಅದನ್ನು ನಾನೂ ಒಪ್ತೀನಿ.

ಮೇಷ್ಟ್ರು ಹೇಳಿದ್ದು ಸರಿ, ಓದದ್ದನ್ನು ಹಾಕಬಾರದು. ಆದರೆ ಯಾಜದಾನಿಯವರದು ಮುಖ್ಯವಾಗಿ ಕಟ್ಟಡಗಳ ಪುಸ್ತಕ. ಕೋಟೆ, ಮದರಸಾ, ಗುಮ್ಮಟ ಇವಕ್ಕೆ ಅದನ್ನು ಮೀರಿಸಿದ್ದಿಲ್ಲ. ಸತು-ತಾಮ್ರದ ವಾಕ್ಯದ ಕೆಳಗೆ ಅದನ್ನು ಹಾಕಿದರೆ, ತೆರೆದು ನೋಡಿದ ಗೈಡ್ ಅಲ್ಲೇ ಹಿಡಿಯುತ್ತಾರೆ.

ಸತು_ಬೆಳ್ಳಿ

ಈಗ ತಿಳೀತು ನೀವು ಏನು ಮಾತಾಡ್ತಾ ಇದ್ದೀರಿ ಅಂತ. ಆ 16:1 ಬಗ್ಗೆ ನಾನೊಂದು ಮಾತು ಹೇಳ್ಲಾ? ಬಂದವರಿಗೆಲ್ಲ ನಾವೂ ಹಾಗೇ ಹೇಳ್ತೀವಿ. ಅಪ್ಪ ಹೇಳ್ತಿದ್ದರು, ನಾವೂ ಹೇಳ್ತೀವಿ. ಆದರೆ ಭಟ್ಟಿ ಹತ್ತಿರ ಕೂತಾಗ ತಕ್ಕಡಿ ಹಿಡಿದು ಅಷ್ಟೇ ಅಂತ ಹಾಕಲ್ಲ. ಹಳೆ ಒಡೆದ ಮಾಲೂ ಕರಗಿಸ್ತೀವಿ, ಅದರಲ್ಲಿ ತಾಮ್ರ ಮೊದಲೇ ಇರುತ್ತದೆ. ತಾಮ್ರ ಕಡಿಮೆ ಆದರೆ ಕೊನೆಗೆ ಕಪ್ಪು ಸರಿಯಾಗಿ ಹತ್ತಲ್ಲ, ಬೂದಿ ಬಣ್ಣ ನಿಲ್ಲುತ್ತದೆ. ಅದನ್ನು ನೋಡಿ ಮುಂದಿನ ಸಲ ಸರಿ ಮಾಡ್ಕೊಳ್ತೀವಿ.

ಮಣ್ಣೂ ಅಷ್ಟೇ. ಕೋಟೆಯೊಳಗೆ ಎಲ್ಲಾ ಕಡೆ ಮಣ್ಣು ನಡೆಯಲ್ಲ. ಬಿಸಿಲು-ಮಳೆ ಬೀಳದ ಹಳೆ ಗೋಡೆ ಮಗ್ಗುಲಿನದು ಬೇಕು. ಚಿಟಿಕೆ ತಗೊಂಡು ನಾಲಿಗೆ ಮೇಲೆ ಇಟ್ಟು ನೋಡ್ತೀವಿ, ರುಚಿಯಲ್ಲೇ ಗೊತ್ತಾಗುತ್ತದೆ. ಅದಕ್ಕೆ ನವಸಾಗರ ಸೇರಿಸಿ ನೀರಲ್ಲಿ ಕುದಿಸಿ, ಬಿಸಿ ಮಾಡಿದ ಮಾಲಿಗೆ ಹಚ್ಚಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಬೆಳ್ಳಗೆ ಉಳಿಯುತ್ತದೆ. ಕೆತ್ತೋಕೆ ಮುಂಚೆ ಗೀಟು ಕಾಣಲಿ ಅಂತ ಮೈಲುತುತ್ತದ ನೀರು ಹಚ್ಚಿ ಕಪ್ಪು ಮಾಡ್ತೀವಿ, ಅದು ಬೇರೆ, ಅದು ಉಜ್ಜಿದರೆ ಹೋಗುತ್ತದೆ. ಬರೆಯುವವರು ಎಷ್ಟೋ ಜನ ಎರಡೂ ಕಪ್ಪನ್ನು ಒಂದೇ ಅಂತ ಬರೀತಾರೆ.

ಗ್ರಂಥಾಲಯ_ಅಕ್ಕ

ಕಾಕಾ, ನೀವು ಈಗ ಹೇಳಿದ್ದು ಆ ಐದು ಸೈಟಿಗಿಂತ ದೊಡ್ಡ ಆಧಾರ. ಮತ್ತೆ ಇದಕ್ಕೆ ಲ್ಯಾಬ್ ಕಡೆಯಿಂದಲೂ ಬಲ ಇದೆ. ಸೂಸನ್ ಲಾ ನೀಸ್ ಮತ್ತು ಗ್ರಹಾಂ ಮಾರ್ಟಿನ್ ಅಂತ ಇಬ್ಬರು 1987ರಲ್ಲಿ `Studies in Conservation` ಜರ್ನಲ್‌ನ 32ನೇ ಸಂಪುಟದಲ್ಲಿ ಹಳೆಯ ಬಿದರಿ ವಸ್ತುಗಳನ್ನು ಪರೀಕ್ಷೆ ಮಾಡಿ ಬರೆದಿದ್ದಾರೆ. ಸಣ್ಣ ಲೇಖನ. ಹಳೆಯ ಮಾಲಿನಲ್ಲಿ ತಾಮ್ರದ ಪ್ರಮಾಣ ಒಂದೇ ಥರ ಇಲ್ಲ, ಸೀಸವೂ ಬೆರೆತಿರುತ್ತದೆ.

ತಮ್ಮಾ, ಲೆಕ್ಕ ಹಾಕಿ ನೋಡು. 16:1 ಅಂದರೆ 17 ಭಾಗದಲ್ಲಿ 1 ಭಾಗ ತಾಮ್ರ, ಅಂದರೆ ಸುಮಾರು 5.9%. ಇದು ಎಲ್ಲಾ ಕಾಲದ, ಎಲ್ಲಾ ಬಿದರಿಯ ಅಳತೆ ಅಂತ ಬರೆದರೆ ತಪ್ಪಾಗುತ್ತದೆ. ಹೀಗೆ ಬರೆದು ನೋಡು: "ಬೀದರಿನ ಕುಶಲಕರ್ಮಿಗಳು ಸತು ಮತ್ತು ತಾಮ್ರದ ಪ್ರಮಾಣ 16:1 ಎಂದು ಹೇಳುತ್ತಾರೆ, ಆದರೆ ಹಳೆಯ ವಸ್ತುಗಳ ಪರೀಕ್ಷೆಯಲ್ಲಿ ಈ ಪ್ರಮಾಣ ಬದಲಾಗುವುದು ಕಂಡುಬಂದಿದೆ." ಮೊದಲ ಅರ್ಧಕ್ಕೆ ಕಾಕಾನ ಮಾತು, ಎರಡನೇ ಅರ್ಧಕ್ಕೆ ಜರ್ನಲ್. ಆ ಲೇಖನ ನಿನಗೆ ಸಿಗದೆ, ಅದರ ಬಗ್ಗೆ ಬೇರೆ ಪುಸ್ತಕದಲ್ಲಿ ಓದಿದ್ದರೆ, ಇಂಥ ಪುಸ್ತಕದಲ್ಲಿ ಉಲ್ಲೇಖಿಸಿದಂತೆ ಅಂತಲೇ ಹಾಕಬೇಕು. ಮೂಲವನ್ನೇ ಓದಿದ ಹಾಗೆ ತೋರಿಸಬಾರದು. ನಾನು ಇಲ್ಲಿ ಹೇಳಿದೆ ಅಂತ ಹೆಸರು ಎತ್ತಿ ಹಾಕೋದೂ ಬೇಡ, ಹುಡುಕಿ ಓದಿ ಹಾಕು.

ಶಹಾಪುರ_ಮೇಷ್ಟ್ರು

ಕುಶಲಕರ್ಮಿಯ ಮಾತನ್ನು ಆಧಾರ ಅಂತ ಹಾಕೋದು ನನಗೆ ಪೂರ್ತಿ ಒಪ್ಪಿಗೆ ಇಲ್ಲ. ನಾಳೆ ಯಾರಾದರೂ ಪರಿಶೀಲಿಸಬೇಕು ಅಂದರೆ ಎಲ್ಲಿ ಹೋಗಬೇಕು? ಪುಸ್ತಕ ಆದರೆ ಪುಟ ತೆರೆದು ನೋಡಬಹುದು. ಅದೂ ಅಲ್ಲದೆ ಅವರೇ ಹೇಳಿದರಲ್ಲ, ಬಂದವರಿಗೆ ಒಂದು ಹೇಳ್ತೀವಿ, ಮಾಡೋದು ಇನ್ನೊಂದು ಅಂತ.

ಸತು_ಬೆಳ್ಳಿ

ಸಾಹೇಬರೇ, ಪುಸ್ತಕ ಬರೆದವರೂ ನಮ್ಮ ಅಂಗಳದಲ್ಲೇ ಕೂತು ಚಹಾ ಕುಡಿದು ಬರಕೊಂಡು ಹೋದವರೇ.

ಪಿಎಚ್‌ಡಿ_ಪಯಣ

😂 ಕಾಕಾ ಸರಿಯಾಗಿ ಕೊಟ್ಟರು. ನನ್ನ ಕ್ಷೇತ್ರಕಾರ್ಯದಲ್ಲೂ ಇದೇ ಜಗಳ ಇತ್ತು. ಕೊನೆಗೆ ಸಂದರ್ಶನಗಳನ್ನೆಲ್ಲ ಅನುಬಂಧದಲ್ಲಿ ಬರೆದು ಹಾಕಿದೆ, ಆಮೇಲೆ ಗೈಡ್ ಸುಮ್ಮನಾದರು.

ಗ್ರಂಥಾಲಯ_ಅಕ್ಕ

ಮೇಷ್ಟ್ರ ಆಕ್ಷೇಪಣೆಯಲ್ಲಿ ಹುರುಳಿದೆ. ಅದಕ್ಕೇ ಒಂದೊಂದು ಸ್ಟೈಲ್ ಇದನ್ನು ಒಂದೊಂದು ರೀತಿ ನೋಡುತ್ತದೆ. ಎಪಿಎನಲ್ಲಿ ಬೇರೆಯವರು ಹೋಗಿ ನೋಡಲಾಗದ ಇಂಥ ಖಾಸಗಿ ಮಾತುಕತೆ ಕೊನೆಯ ಪಟ್ಟಿಗೆ ಬರೋದೇ ಇಲ್ಲ. ವಾಕ್ಯದ ಪಕ್ಕ ಹೆಸರು, ದಿನಾಂಕ ಹಾಕಿ ಬಿಡಬೇಕು. ಎಂಎಲ್‌ಎನಲ್ಲಿ ಸಂದರ್ಶನ ಕೊನೆಯ ಪಟ್ಟಿಯಲ್ಲೇ ಕೂರುತ್ತದೆ. ಅಡಿಟಿಪ್ಪಣಿ ಪದ್ಧತಿಯಲ್ಲಿ ಪುಟದ ಕೆಳಗೆ ಬಂದರೆ ಸಾಕು. ಸುರಪುರದ ತಮ್ಮ ಹೇಳಿದ ಹಾಗೆ ಯಾವುದಾದರೂ ಒಂದು ನಡೆಯುತ್ತೆ ಅಂತ ಹೋದರೆ, ಕಾಕಾ ಒಂದು ಸ್ಟೈಲಿನಲ್ಲಿ ಇರ್ತಾರೆ, ಇನ್ನೊಂದರಲ್ಲಿ ಮಾಯ.

ಇನ್ನೊಂದು ಇದೆ. ಹುಡುಗ ತಾನೇ ಪ್ರಶ್ನೆ ತಯಾರಿಸಿಕೊಂಡು ನಾಲ್ಕೈದು ಜನ ಕುಶಲಕರ್ಮಿಗಳನ್ನು ಮಾತಾಡಿಸಿದರೆ ಅದು ಅವನದೇ ಸಂಶೋಧನೆಯ ಮಾಹಿತಿ ಆಗುತ್ತದೆ. ಆಗ ಹೇಗೆ ಸಂಗ್ರಹಿಸಿದೆ ಅನ್ನೋದನ್ನು ಒಂದು ಪ್ಯಾರಾದಲ್ಲಿ ಬರೆದು, ಮಾತುಗಳನ್ನು ಅನುಬಂಧಕ್ಕೆ ಹಾಕಬೇಕು. ಆದರೆ ಇಲ್ಲಿ ಚಾಟ್‌ನಲ್ಲಿ ಬಂದ ಮಾತನ್ನೇ ಎತ್ತಿ ಹಾಕಬೇಡ. ಬೀದರಿಗೆ ಹೋಗು, ಕಾಕಾನ ಒಪ್ಪಿಗೆ ಕೇಳು, ದಿನಾಂಕ, ಜಾಗ ಬರೆದುಕೋ, ಅವರು ಬೇಡ ಅಂದರೆ ಹೆಸರು ಬಿಡು.

ಭಾಲ್ಕಿ_ಹುಡುಗ

ಸೋಮವಾರದ ಒಳಗೆ ಇಷ್ಟೆಲ್ಲ ಆಗುತ್ತಾ ಅಕ್ಕಾ 😓

ಗ್ರಂಥಾಲಯ_ಅಕ್ಕ

ಭಾಲ್ಕಿಯಿಂದ ಬೀದರಿಗೆ ಬಸ್ಸಿಗೇನು ಬರ ಇಲ್ಲ. ನಾಳೆ ಶನಿವಾರ. ಬೆಳಿಗ್ಗೆ ಕಾಕಾನ ಹತ್ತಿರ ಹೋಗು, ಮಧ್ಯಾಹ್ನ ಜಿಲ್ಲಾ ಗ್ರಂಥಾಲಯದಲ್ಲಿ ಗೆಜೆಟಿಯರ್ ಕೇಳು, ಕೈಗಾರಿಕೆಗಳ ಅಧ್ಯಾಯ ನೋಡು. ಇದ್ದರೆ ಪುಟಸಂಖ್ಯೆ ಸಮೇತ ಬರೆದುಕೋ. ಕಾಕಾನ ಮಾತು, ಗೆಜೆಟಿಯರ್, ಜಿಐ ದಾಖಲೆ, ಒಂದು ಪತ್ರಿಕೆ, ಸಿಕ್ಕರೆ ಆ ಜರ್ನಲ್ ಲೇಖನ, ಇಷ್ಟೇ ಸಾಕು ನಿನ್ನ ಪ್ಯಾರಾಕ್ಕೆ. ಹೊರಡೋಕೆ ಮುಂಚೆ ಗೈಡ್‌ಗೆ ಒಂದು ಮೆಸೇಜ್ ಹಾಕು: "ಸರ್, ಅಡಿಟಿಪ್ಪಣಿ ಹಾಕಲಾ, ಎಪಿಎ ಹಾಕಲಾ? ಸಂದರ್ಶನ ಮತ್ತು ಸ್ಕ್ಯಾನ್ ಮಾಡಿದ ಪುಸ್ತಕ ನಡೆಯುತ್ತಾ? ಕನಿಷ್ಠ ಎಷ್ಟು ಬೇಕು?" ಮೂರು ಸಾಲು, ಅಷ್ಟೇ.

ಸತು_ಬೆಳ್ಳಿ

ಬಾ ತಮ್ಮಾ. ಆದರೆ ಹತ್ತು ಗಂಟೆ ಒಳಗೆ ಬಾ, ಆಮೇಲೆ ಭಟ್ಟಿ ಹಚ್ಚಿದರೆ ಮಾತಾಡೋಕೆ ಆಗಲ್ಲ. ನನ್ನ ಹೆಸರು ಹಾಕಿದರೆ ನಡೆಯುತ್ತೆ, ಫೋನ್ ನಂಬರ್ ಮಾತ್ರ ಬೇಡ.

ಭಾಲ್ಕಿ_ಹುಡುಗ

ಗೈಡ್ ಸರ್ ರಿಪ್ಲೈ ಮಾಡಿದರು! ಅಡಿಟಿಪ್ಪಣಿ ಹಾಕಬೇಕಂತೆ, ಕೊನೆಯಲ್ಲಿ ಗ್ರಂಥಋಣ ಬೇರೆ ಬೇಕಂತೆ. ಕನಿಷ್ಠ 5, ಅದರಲ್ಲಿ 2 ಕನ್ನಡದ್ದು. ಸ್ಕ್ಯಾನ್ ಪುಸ್ತಕ ಓಕೆ ಅಂದರು. ಸಂದರ್ಶನಕ್ಕೆ "ಮೊದಲು ತೋರಿಸು, ಆಮೇಲೆ ನೋಡೋಣ" ಅಂದಿದ್ದಾರೆ.

ಈಗ ಇನ್ನೊಂದು ಡೌಟು. ಗೆಜೆಟಿಯರ್ ಇಂಗ್ಲಿಷಿನಲ್ಲಿದೆ, ನನ್ನ ಪ್ರಾಜೆಕ್ಟ್ ಕನ್ನಡದಲ್ಲಿದೆ. ಹೆಸರನ್ನು ಕನ್ನಡ ಅಕ್ಷರದಲ್ಲಿ ಬರೆಯಲಾ, ಇಂಗ್ಲಿಷಿನಲ್ಲೇ ಬಿಡಲಾ?

ಶಹಾಪುರ_ಮೇಷ್ಟ್ರು

ಇಂಗ್ಲಿಷ್ ಪುಸ್ತಕದ ಹೆಸರನ್ನು ಇಂಗ್ಲಿಷಿನಲ್ಲೇ ಬಿಡು. ಕನ್ನಡ ಅಕ್ಷರದಲ್ಲಿ ಬರೆದರೆ ಹುಡುಕುವವನಿಗೆ ಕ್ಯಾಟಲಾಗ್‌ನಲ್ಲಿ ಸಿಗಲ್ಲ. ಪಟ್ಟಿಯನ್ನು ಎರಡು ಭಾಗ ಮಾಡು, ಮೊದಲು ಕನ್ನಡ, ಆಮೇಲೆ ಇಂಗ್ಲಿಷ್. ಕನ್ನಡದವರ ಹೆಸರು ಮಾತ್ರ ತಿರುಗಿಸಬೇಡ, ಇನಿಶಿಯಲ್ ಮುಂದೆ ಇರುವ ಹೆಸರಿನಲ್ಲಿ ಯಾವುದು ಊರು, ಯಾವುದು ತಂದೆ ಹೆಸರು ಅಂತ ಯಾರಿಗೂ ಗೊತ್ತಾಗಲ್ಲ.

ಗ್ರಂಥಾಲಯ_ಅಕ್ಕ

ತಿರುಗಿಸುವ ವಿಷಯದಲ್ಲಿ ಮಾತ್ರ ಮೇಷ್ಟ್ರ ಜೊತೆ ನನಗೆ ಜಗಳ ಇದೆ. ಅಡ್ಡಹೆಸರು ಇರುವವರದು ಅಡ್ಡಹೆಸರಿನಿಂದಲೇ ಶುರುವಾಗಬೇಕು, ನಮ್ಮ ಕಡೆ ಅಡ್ಡಹೆಸರು ಇಲ್ಲದವರೇ ಕಡಿಮೆ. ಗೈಡ್ ಯಾವುದು ಒಪ್ಪುತ್ತಾರೋ ಅದನ್ನು ಐದಕ್ಕೂ ಒಂದೇ ಥರ ಹಾಕು.

ಸುರಪುರ_ಸೀಮೆ

ಆ ಎರಡನೇ ಕನ್ನಡ ಪುಸ್ತಕ ಯಾವುದು ಅಂತ ಇನ್ನೂ ಯಾರೂ ಹೇಳಿಲ್ಲ ನೋಡಿ. ಹುಡುಗನಿಗೆ ಅದೇ ತಾನೇ ಬೇಕಿರೋದು?

ಗ್ರಂಥಾಲಯ_ಅಕ್ಕ

ಒಂದೂ ಹೇಳಿಲ್ಲ, ಎರಡನೇದು ಎಲ್ಲಿಂದ ಬಂತು? ಬೀದರಿನ ಗ್ರಂಥಾಲಯದಲ್ಲಿ ಕರಕುಶಲ ಕಲೆಗಳ ಕಪಾಟಿನ ಮುಂದೆ ನಿಂತು ನೋಡಲಿ. ಸಿಕ್ಕ ಪುಸ್ತಕದ ಮುಖಪುಟ ಮತ್ತು ಹಿಂದಿನ ಪುಟ ಎರಡರ ಫೋಟೋ ಇಲ್ಲಿ ಹಾಕು ತಮ್ಮಾ, ಅಡಿಟಿಪ್ಪಣಿ ಹೇಗೆ ಬರೆಯಬೇಕು ಅಂತ ನೋಡಿ ಹೇಳ್ತೀವಿ.